ಮಗಳ ಪದವಿ ಪ್ರದಾನ, ಅಪ್ಪನ ಹತ್ತು ಸಾಲು

ಮಗಳು ಪದವಿ ಪಡೆದ ದಿನ ಅಪ್ಪಂದಿರು ಬರೆಯುವ ಸಣ್ಣ ಬರಹ ಈಗ ಎಲ್ಲರಿಗೂ ಪರಿಚಿತ. ಗೌನು ತೊಟ್ಟ ಮಗಳ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿಯ ಅಪ್ಪ ನೆಟ್ಟಗೆ ನಿಂತ ಒಂದು ಫೋಟೊ, ಅದರ ಜೊತೆಗೆ ನಾಲ್ಕಾರು ಸಾಲು. ಅದು ನೆಂಟರಿಗೆ, ಗೆಳೆಯರಿಗೆ, ಹಳೆಯ ಮೇಷ್ಟ್ರುಗಳಿಗೆ ಹೋಗುತ್ತದೆ. ಕೆಲವರು ಅದನ್ನೇ ಊರಿನ ಪತ್ರಿಕೆಗೆ ಅಭಿನಂದನೆಯಾಗಿ ಕೊಡುತ್ತಾರೆ. ತಾಲ್ಲೂಕು ಕೇಂದ್ರಗಳಲ್ಲಿ ಒಮ್ಮೊಮ್ಮೆ ಬಸ್ ನಿಲ್ದಾಣದ ಎದುರಿನ ಫ್ಲೆಕ್ಸಿಗೂ ಏರುತ್ತದೆ.

ಬರಹ ಚಿಕ್ಕದಾದರೂ ಬರೆಯುವುದು ಕಷ್ಟ. ಮನೆಯಲ್ಲಿ ಹೆಚ್ಚು ಮಾತಾಡದ ಎಷ್ಟೋ ಅಪ್ಪಂದಿರು ಮಗಳ ಬಗ್ಗೆ ಅಕ್ಷರದಲ್ಲಿ ಏನಾದರೂ ಹೇಳುವುದು ಬಹುಶಃ ಇದೇ ಮೊದಲ ಸಲ. ಇದಾದ ಮೇಲೆ ಮದುವೆಯ ಕರೆಯೋಲೆಯಲ್ಲಿ ಬರೆಯಬಹುದು, ಅಲ್ಲಿ ಹೇಳುವುದು ದಿನ, ಮುಹೂರ್ತ, ಛತ್ರದ ವಿಳಾಸ ಅಷ್ಟೆ. ಇನ್ನೊಂದು ತೊಡಕೂ ಇದೆ. ಸಮಾರಂಭ ಮಗಳದು, ಓದಿದವಳು ಅವಳು, ಬರೆಯುವವನು ಮಾತ್ರ ಸಭಿಕರ ಸಾಲಿನಲ್ಲಿ ಕೂತಿದ್ದವನು. ಅವನಿಗೆ ಅಲ್ಲಿ ಕಂಡದ್ದು ಎಷ್ಟು, ಕಂಡದ್ದರಲ್ಲಿ ಹೇಳಬೇಕಾದದ್ದು ಎಷ್ಟು ಎನ್ನುವುದರ ಮೇಲೆ ಬರಹದ ಗುಣ ನಿಲ್ಲುತ್ತದೆ. ಹಾಗಾಗಿ ಮೊದಲು ಸಮಾರಂಭವನ್ನೇ ನೋಡಬೇಕು.

ಕರ್ನಾಟಕದಲ್ಲಿ ಎರಡು ಬಗೆಯ ಸಮಾರಂಭಗಳಿವೆ. ಮನೆಮಂದಿ ಇವೆರಡನ್ನೂ ಒಂದೇ ಎಂದುಕೊಳ್ಳುವುದುಂಟು. ಮೊದಲನೆಯದು ವಿಶ್ವವಿದ್ಯಾಲಯದ ಘಟಿಕೋತ್ಸವ. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ರಾಜ್ಯಪಾಲರು ಕುಲಾಧಿಪತಿಗಳು, ಹೆಚ್ಚಿನವಕ್ಕೆ ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿಗಳು. ದಿನನಿತ್ಯದ ಆಡಳಿತ ಕುಲಪತಿಗಳದು. ಘಟಿಕೋತ್ಸವದಲ್ಲಿ ಗಣ್ಯರು ಮೆರವಣಿಗೆಯಲ್ಲಿ ವೇದಿಕೆಗೆ ಬರುತ್ತಾರೆ. ನಾಡಗೀತೆಯಾದ ಮೇಲೆ ಸಭೆ ಆರಂಭವಾಯಿತೆಂದು ಘೋಷಣೆಯಾಗುತ್ತದೆ. ಪ್ರತಿ ನಿಕಾಯದ ಡೀನರು ತಮ್ಮ ಅಭ್ಯರ್ಥಿಗಳನ್ನು ಹಾಜರುಪಡಿಸುತ್ತಾರೆ, ಅವರೆಲ್ಲ ಎದ್ದು ನಿಲ್ಲುತ್ತಾರೆ, ಅವರಿಗೆ ಪದವಿ ನೀಡಲಾಗಿದೆ ಎಂದು ಪೀಠದಿಂದ ಹೇಳಲಾಗುತ್ತದೆ. ಬಾರದವರಿಗೆ ಗೈರುಹಾಜರಿಯಲ್ಲೇ ಪದವಿ. ಆಮೇಲೆ ಪದಕ, ನಗದು ಬಹುಮಾನ, ಮುಖ್ಯ ಅತಿಥಿಗಳ ಘಟಿಕೋತ್ಸವ ಭಾಷಣ, ರಾಷ್ಟ್ರಗೀತೆ.

ಒಂದು ವಿಶ್ವವಿದ್ಯಾಲಯದಿಂದ ವರ್ಷಕ್ಕೆ ಸಾವಿರಾರು ಮಂದಿ ಪದವೀಧರರಾಗುವುದರಿಂದ ಎಲ್ಲರೂ ವೇದಿಕೆ ಹತ್ತುವಂತಿಲ್ಲ. ಸಾಮಾನ್ಯವಾಗಿ ಪಿಎಚ್‌.ಡಿ. ಪಡೆದವರು, ಪದಕ ಗೆದ್ದವರು, ರ‍್ಯಾಂಕ್ ಬಂದವರು ಮಾತ್ರ ಮೇಲೆ ಹೋಗುತ್ತಾರೆ. ಉಳಿದವರ ಪ್ರಮಾಣಪತ್ರ ಕಾಲೇಜಿನ ಮೂಲಕವೋ ಅಂಚೆಯಲ್ಲೋ ಬರುತ್ತದೆ. ಹೀಗೆ ವೇದಿಕೆ ಹತ್ತದೆ ಪದವಿ ಪಡೆದವರೇ ಒಟ್ಟಿನಲ್ಲಿ ಹೆಚ್ಚು.

ಎರಡನೆಯದು ಕಾಲೇಜಿನಲ್ಲೇ ನಡೆಯುವ ಪದವಿ ಪ್ರದಾನ ಸಮಾರಂಭ, ಮಕ್ಕಳ ಬಾಯಲ್ಲಿ ‘ಗ್ರಾಜುಯೇಷನ್ ಡೇ’. ಸ್ವಾಯತ್ತ ಕಾಲೇಜುಗಳು, ಎಂಜಿನಿಯರಿಂಗ್ ಮತ್ತು ನರ್ಸಿಂಗ್ ಕಾಲೇಜುಗಳು ಇದನ್ನು ನಡೆಸುತ್ತವೆ. ಇಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯ ಹೆಸರನ್ನೂ ಕರೆಯುತ್ತಾರೆ. ಮೆಟ್ಟಿಲು ಹತ್ತಿ, ಅತಿಥಿಯ ಕೈಯಿಂದ ಫೋಲ್ಡರ್ ಪಡೆದು, ಕ್ಯಾಮೆರಾದ ಕಡೆ ತಿರುಗಿ, ಇನ್ನೊಂದು ಕಡೆಯಿಂದ ಇಳಿಯಬೇಕು. ಒಬ್ಬರಿಗೆ ಸಿಗುವುದು ಕೆಲವೇ ಸೆಕೆಂಡು. ಹಲವೆಡೆ ಆ ಫೋಲ್ಡರಿನೊಳಗೆ ಇರುವುದು ಅಭಿನಂದನೆಯ ಕಾರ್ಡು ಮಾತ್ರ. ನಿಜವಾದ ಪದವಿ ಪ್ರಮಾಣಪತ್ರ ವಿಶ್ವವಿದ್ಯಾಲಯದಿಂದ ಆಮೇಲೆ ಬರುತ್ತದೆ, ಅಲ್ಲಿಯವರೆಗೆ ತಾತ್ಕಾಲಿಕ ಪ್ರಮಾಣಪತ್ರದಲ್ಲೇ ಕೆಲಸ ನಡೆಯಬೇಕು. ಫಲಿತಾಂಶ ಬಂದು ತಿಂಗಳುಗಟ್ಟಲೆ ಕಳೆದ ಮೇಲೆ ಸಮಾರಂಭ ನಡೆಯುವುದೂ ಸಾಮಾನ್ಯ. ಆಗ ಮಗಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಕೆಲಸಕ್ಕೆ ಸೇರಿರುತ್ತಾಳೆ, ಒಂದು ದಿನ ರಜೆ ಹಾಕಿ ಬಂದಿರುತ್ತಾಳೆ, ರಾತ್ರಿಯ ಬಸ್ಸಿಗೇ ಟಿಕೆಟ್ ಕಾದಿರಿಸಿರುತ್ತಾಳೆ.

ಉಡುಪಿನ ವಿಷಯಕ್ಕೆ ಬಂದರೆ, ಗೌನು ಮತ್ತು ಚೌಕದ ಟೋಪಿ ಇಂಗ್ಲಿಷ್ ವಿಶ್ವವಿದ್ಯಾಲಯಗಳಿಂದ ಬಂದವು. 2010ರಲ್ಲಿ ಭೋಪಾಲದ ಅರಣ್ಯ ನಿರ್ವಹಣಾ ಸಂಸ್ಥೆಯ ಘಟಿಕೋತ್ಸವದಲ್ಲಿ ಆಗಿನ ಕೇಂದ್ರ ಸಚಿವ ಜೈರಾಂ ರಮೇಶ್ ವೇದಿಕೆಯ ಮೇಲೆಯೇ ಗೌನು ಕಳಚಿ, ಇದು ವಸಾಹತು ಕಾಲದ ಪಳೆಯುಳಿಕೆ ಎಂದು ಟೀಕಿಸಿದ್ದರು. ಅದಾದ ಮೇಲೆ ಹಲವು ವಿಶ್ವವಿದ್ಯಾಲಯಗಳು ಕೈಮಗ್ಗದ ಶಲ್ಯ, ಪೇಟದ ಕಡೆ ಹೊರಳಿವೆ. ಕಾಲೇಜುಗಳಲ್ಲಿ ಮಾತ್ರ ಗೌನು ಇನ್ನೂ ಉಳಿದಿದೆ. ಅದು ಬಹುಪಾಲು ಬಾಡಿಗೆಯದು. ಠೇವಣಿ ಕಟ್ಟಿ ಪಡೆದು ಸಂಜೆಯೊಳಗೆ ವಾಪಸು ಕೊಡಬೇಕು. ಟೋಪಿಯನ್ನು ಗಾಳಿಗೆ ತೂರುವ ಅಮೆರಿಕದ ಪದ್ಧತಿ ಇಲ್ಲಿಗೂ ಬಂದಿರುವುದರಿಂದ, ಠೇವಣಿಯಲ್ಲಿ ಒಂದಿಷ್ಟು ಕಡಿತವಾಗುವುದೂ ಉಂಟು.

ಹೀಗೆ ಲೆಕ್ಕ ಹಾಕಿದರೆ ಅಪ್ಪನ ಕಣ್ಣಿಗೆ ಬೀಳುವುದು ತೀರಾ ಕಡಿಮೆ. ಮೂರು ಗಂಟೆ ಕುರ್ಚಿಯಲ್ಲಿ ಕೂತಿದ್ದು, ನೂರಾರು ಅಪರಿಚಿತ ಹೆಸರುಗಳಿಗೆ ಚಪ್ಪಾಳೆ ತಟ್ಟಿ, ದೂರದಲ್ಲಿ ಮಗಳು ವೇದಿಕೆಯ ಈ ತುದಿಯಿಂದ ಆ ತುದಿಗೆ ಹೋಗುವುದನ್ನು ನೋಡುತ್ತಾನೆ. ಮುಂದಿನ ಸಾಲಿನವರು ಎದ್ದು ಮೊಬೈಲ್ ಎತ್ತಿದರೆ ಅದೂ ಇಲ್ಲ.

ಆದರೂ ಆ ಕ್ಷಣಕ್ಕೆ ಇಷ್ಟು ತೂಕ ಬಂದಿರುವುದಕ್ಕೆ ಹಿಂದಿನ ಕಥೆ ಕಾರಣ. ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು 1857ರಲ್ಲಿ ಹುಟ್ಟಿದರೂ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಲು ಎರಡು ದಶಕ ಬೇಕಾಯಿತು. ಕಲ್ಕತ್ತ ವಿಶ್ವವಿದ್ಯಾಲಯ ಅವರಿಗೆ ಪರೀಕ್ಷೆ ಬರೆಯಲು ಒಪ್ಪಿದ್ದು 1878ರಲ್ಲಿ. 1883ರಲ್ಲಿ ಚಂದ್ರಮುಖಿ ಬಸು ಮತ್ತು ಕಾದಂಬಿನಿ ಬಸು ಬಿ.ಎ. ಪದವಿ ಪಡೆದರು, ಭಾರತದ ವಿಶ್ವವಿದ್ಯಾಲಯವೊಂದರ ಮೊದಲ ಪದವೀಧರೆಯರು ಇವರು. ಕಾದಂಬಿನಿಯ ಅಪ್ಪ ಬ್ರಜಕಿಶೋರ ಬಸು ಭಾಗಲ್ಪುರದಲ್ಲಿ ಶಾಲೆಯ ಮುಖ್ಯೋಪಾಧ್ಯಾಯರು, ಬ್ರಹ್ಮ ಸಮಾಜದವರು. ಮಗಳು ಇನ್ನೂ ಎಳೆಯವಳಿದ್ದಾಗಲೇ ಅಲ್ಲಿ ಮಹಿಳಾ ಸಮಿತಿ ಕಟ್ಟಲು ದುಡಿದವರು.

ಕಾರ್ನೀಲಿಯಾ ಸೊರಾಬ್ಜಿಯವರ ಕಥೆ ಇನ್ನೂ ಹೆಚ್ಚು ಹೇಳುತ್ತದೆ. 1866ರಲ್ಲಿ ನಾಸಿಕದಲ್ಲಿ ಹುಟ್ಟಿದ ಆಕೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ ಬೊಂಬಾಯಿ ವಿಶ್ವವಿದ್ಯಾಲಯದ ಮೊದಲ ಪದವೀಧರೆಯಾದರು. ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವಂತೆ ಆ ವಿಶ್ವವಿದ್ಯಾಲಯವನ್ನು ಒಪ್ಪಿಸಿದವರಲ್ಲಿ ಆಕೆಯ ಅಪ್ಪ, ಪಾದ್ರಿ ಸೊರಾಬ್ಜಿ ಖರ್ಸೇಡ್ಜಿಯವರೂ ಒಬ್ಬರು. ಕಾರ್ನೀಲಿಯಾ ಮುಂದೆ ಆಕ್ಸ್‌ಫರ್ಡಿಗೆ ಹೋಗಿ 1892ರಲ್ಲಿ ಕಾನೂನು ಪರೀಕ್ಷೆ ಬರೆದರು. ಆ ಪರೀಕ್ಷೆಗೆ ಕೂತ ಮೊದಲ ಹೆಣ್ಣುಮಗಳು ಆಕೆ. ಪಾಸಾದರೂ ಪದವಿ ಕೊಡಲಿಲ್ಲ. ಹೆಣ್ಣುಮಕ್ಕಳಿಗೆ ಪದವಿ ಕೊಡಲು ಆಕ್ಸ್‌ಫರ್ಡ್ ಒಪ್ಪಿದ್ದು 1920ರಲ್ಲಿ. ಕೇಂಬ್ರಿಡ್ಜ್ ಒಪ್ಪಲು 1948 ಬಂತು. ಕಾರ್ನೀಲಿಯಾ ತಮ್ಮ ಪದವಿ ಪಡೆದದ್ದು ಪರೀಕ್ಷೆ ಬರೆದ ಮೂವತ್ತು ವರ್ಷಗಳ ಮೇಲೆ, 1922ರಲ್ಲಿ. ಅದನ್ನು ನೋಡಲು ಅಪ್ಪ ಬದುಕಿರಲಿಲ್ಲ.

ಮೈಸೂರು ಸಂಸ್ಥಾನದಲ್ಲಿ ನರಸಿಂಹ ಅಯ್ಯಂಗಾರ್ಯರು 1881ರಲ್ಲಿ ಆರಂಭಿಸಿದ ಹೆಣ್ಣುಮಕ್ಕಳ ಶಾಲೆ ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವವರೆಗೆ ಸಂಸ್ಥಾನದ ಪದವಿ ಓದು ಮದರಾಸು ವಿಶ್ವವಿದ್ಯಾಲಯಕ್ಕೆ ಅಂಟಿಕೊಂಡಿತ್ತು. ಆ ಕಾಲದಲ್ಲಿ ಮಗಳನ್ನು ಓದಿಸುವ ಅಪ್ಪ ನೆರೆಹೊರೆಯವರಿಗೆ, ಬಂಧುಗಳಿಗೆ, ಎಷ್ಟೋ ಸಲ ಮನೆಯ ಹಿರಿಯರಿಗೇ ಉತ್ತರ ಹೇಳಬೇಕಿತ್ತು.

ಇವತ್ತಿನ ಸ್ಥಿತಿ ಬೇರೆ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2021-22ರ ವರದಿಯಂತೆ ದೇಶದಲ್ಲಿ ಉನ್ನತ ಶಿಕ್ಷಣ ಪಡೆಯುತ್ತಿದ್ದ 4.33 ಕೋಟಿ ವಿದ್ಯಾರ್ಥಿಗಳಲ್ಲಿ 2.07 ಕೋಟಿ ಮಂದಿ ಹೆಣ್ಣುಮಕ್ಕಳು, ಅಂದರೆ ಹತ್ತಿರ ಹತ್ತಿರ ಅರ್ಧ. ನಮ್ಮ ಘಟಿಕೋತ್ಸವಗಳ ಮರುದಿನದ ಪತ್ರಿಕೆಯಲ್ಲಿ ಪದಕಗಳ ರಾಶಿ ಹಿಡಿದು ನಿಂತವರು ಹೆಚ್ಚಾಗಿ ಹುಡುಗಿಯರೇ. ಮಗಳು ಪದವಿ ಪಡೆದಳು ಎಂಬುದು ಊರಿಗೆ ಅಚ್ಚರಿಯ ಸುದ್ದಿಯಾಗಿ ಉಳಿದಿಲ್ಲ. ಆದರೆ ಒಂದೊಂದು ಮನೆಯ ಮಟ್ಟಿಗೆ ಇವತ್ತೂ ಅದು ಮೊದಲ ಸಲವೇ ಆಗಿರಬಹುದು. ಅಪ್ಪಂದಿರ ಬರಹಗಳು ಎಡವುವುದು ಇಲ್ಲಿಯೇ. ಮನೆಯೊಳಗಿನ ಮೊದಲನೆಯದನ್ನು ಹೇಳುವ ಬದಲು, ನೂರು ವರ್ಷದ ಹಿಂದಿನ ಅಪ್ಪನ ಹಾಗೆ ಊರಿಗೆ ಉತ್ತರ ಕೊಡಲು ಕೂರುತ್ತವೆ.

ಒಂದು ಕಲ್ಪಿತ ಉದಾಹರಣೆಯನ್ನು ಬಿಡಿಸಿ ನೋಡಬಹುದು. ತಾಲ್ಲೂಕು ಕೇಂದ್ರವೊಂದರಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡ ಅಪ್ಪ. ಮಗಳು ಜಿಲ್ಲಾ ಕೇಂದ್ರದ ಸ್ವಾಯತ್ತ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದಾಳೆ. ಕಾಲೇಜಿನ ಪದವಿ ಪ್ರದಾನ ಸಮಾರಂಭಕ್ಕೆ ಅಪ್ಪ, ಅಮ್ಮ ಇಬ್ಬರೂ ಹೋಗಿ ಬಂದ ರಾತ್ರಿ ಅವನು ಬರೆದ ಮೊದಲ ಕರಡು ಹೀಗಿರುತ್ತದೆ ಎಂದುಕೊಳ್ಳೋಣ:

“ನನ್ನ ಮುದ್ದಿನ ಮಗಳು ಹುಟ್ಟಿದಾಗ ಹೆಣ್ಣೆಂದು ಮೂಗು ಮುರಿದವರೇ ಹೆಚ್ಚು. ಆದರೆ ನಾನು ಅವಳನ್ನು ಗಂಡುಮಗನ ಹಾಗೆ ಬೆಳೆಸಿದೆ. ಹಗಲಿರುಳು ಮಷಿನ್ ತುಳಿದು, ಸೊಸೈಟಿಯಲ್ಲಿ ಸಾಲ ಮಾಡಿ, ಹೆಂಡತಿಯ ಬಳೆ ಅಡವಿಟ್ಟು ಓದಿಸಿದೆ. ಇಂದು ಅವಳು ಎಂ.ಎಸ್ಸಿ.ಯಲ್ಲಿ ಗೋಲ್ಡ್ ಮೆಡಲ್ ಪಡೆದು ನಮ್ಮ ಮನೆತನದ ಕೀರ್ತಿ ಬೆಳಗಿಸಿದ್ದಾಳೆ. ನನ್ನ ಕನಸು ನನಸಾಯಿತು. ಆನಂದಬಾಷ್ಪ ತಡೆಯಲಾಗಲಿಲ್ಲ. ಅರ್ಧ ಜವಾಬ್ದಾರಿ ಮುಗಿಯಿತು, ಇನ್ನು ಒಳ್ಳೆಯ ಮನೆ ಸೇರಿದರೆ ಸಾಕು. ನಿಮ್ಮೆಲ್ಲರ ಆಶೀರ್ವಾದ ಇರಲಿ.”

ಇದರಲ್ಲಿ ಕಪಟವೇನೂ ಇಲ್ಲ, ಒಂದೊಂದು ವಾಕ್ಯವೂ ಮನಸ್ಸಿನಿಂದ ಬಂದದ್ದೇ. ಆದರೂ ಟೈಲರಿನ ಹೆಸರು ತೆಗೆದು ಮೆಕ್ಯಾನಿಕ್ ಹೆಸರು ಹಾಕಿದರೆ, ರಸಾಯನಶಾಸ್ತ್ರ ತೆಗೆದು ಎಂಜಿನಿಯರಿಂಗ್ ಹಾಕಿದರೆ ‘ಮಷಿನ್’ ಒಂದನ್ನು ಬಿಟ್ಟು ಬೇರೇನೂ ಬದಲಾಗುವುದಿಲ್ಲ. ಎಲ್ಲ ಅಪ್ಪಂದಿರ ಮಾತೂ ಇದರಲ್ಲಿದೆ, ಈ ಅಪ್ಪ ಮಾತ್ರ ಕಾಣುತ್ತಿಲ್ಲ. ಮಗಳಂತೂ ಇಲ್ಲವೇ ಇಲ್ಲ. ಅವಳು ಏನು ಮಾಡಿದಳು ಎಂಬುದಕ್ಕೆ ಇರುವುದು ಒಂದು ವಾಕ್ಯ, ಉಳಿದದ್ದೆಲ್ಲ ‘ನಾನು’.

‘ಗಂಡುಮಗನ ಹಾಗೆ ಬೆಳೆಸಿದೆ’ ಎಂಬ ಮಾತು ಕನ್ನಡದ ಅಪ್ಪಂದಿರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಹೇಳುವವನ ಉದ್ದೇಶ ಮೆಚ್ಚುಗೆ. ಓದಿದಷ್ಟೂ ಓದಿಸಿದೆ, ತಡೆಯಲಿಲ್ಲ ಎನ್ನುವುದು ಅವನ ಅರ್ಥ. ಓದುವ ಮಗಳಿಗೆ ಕೇಳುವುದು ಬೇರೆ. ಓದಿಸುವುದು ಗಂಡುಮಕ್ಕಳಿಗೆ ಸೇರಿದ್ದು, ತನಗೆ ವಿನಾಯಿತಿಯಾಗಿ ಸಿಕ್ಕಿತು ಎಂದು. ಮನೆಯಲ್ಲಿ ತಮ್ಮನೊಬ್ಬ ಇದ್ದರೆ ಅವನ ಎದುರಿಗೆ ಈ ಮಾತು ಇನ್ನೂ ಇರಿಸುಮುರುಸು. ಹುಟ್ಟಿದಾಗ ಮೂಗು ಮುರಿದವರ ಪ್ರಸ್ತಾಪವೂ ಹೀಗೇ. ಮೂಗು ಮುರಿದವರು ಯಾರೋ ಹೊರಗಿನವರಲ್ಲ, ಅತ್ತೆಯೋ ದೊಡ್ಡಪ್ಪನೋ ಇರಬೇಕು. ಬರಹ ಅವರ ಕೈಗೂ ಹೋಗುತ್ತದೆ. ಸಂತೋಷದ ದಿನ ಹಳೆಯ ಲೆಕ್ಕ ಚುಕ್ತಾ ಮಾಡಲು ಹೊರಟಂತಾಗುತ್ತದೆ.

ಸಾಲ, ಅಡವು, ಬಳೆಗಳ ಪಟ್ಟಿಯ ಬಗ್ಗೆ ಸ್ವಲ್ಪ ಯೋಚಿಸಬೇಕು. ಖರ್ಚು ನಿಜ, ಕಷ್ಟವೂ ನಿಜ. ಅದನ್ನು ಹೇಳಬಾರದೆಂದಿಲ್ಲ. ಆದರೆ ಪದವಿಯ ದಿನವೇ ಪಟ್ಟಿ ಮಾಡಿ ಹತ್ತಾರು ಮಂದಿಯ ಮುಂದಿಟ್ಟರೆ ಮಗಳ ಕೈಗೆ ಪ್ರಮಾಣಪತ್ರದ ಜೊತೆಗೆ ಒಂದು ಸಾಲಪತ್ರವನ್ನೂ ಕೊಟ್ಟ ಹಾಗಾಗುತ್ತದೆ. ಅಮ್ಮನ ಬಳೆಯ ವಿಷಯ ಅಮ್ಮ ಹೇಳಬೇಕಾದದ್ದು. ಅವಳು ಹೇಳದೆ ಇಟ್ಟುಕೊಂಡಿದ್ದರೆ ಅಪ್ಪ ಅದನ್ನು ಬಯಲಿಗೆಳೆಯಬಾರದು. ‘ಅರ್ಧ ಜವಾಬ್ದಾರಿ’ ಮತ್ತು ‘ಒಳ್ಳೆಯ ಮನೆ’ಯ ಸಾಲುಗಳು ಇನ್ನೂ ತಪ್ಪು ಜಾಗದಲ್ಲಿವೆ. ಅವು ಬಂದ ಕೂಡಲೇ ಪದವಿಯ ಸುದ್ದಿ ವಧುವಿನ ಪರಿಚಯಪತ್ರವಾಗಿಬಿಡುತ್ತದೆ. ಅದನ್ನೋದಿದ ನೆಂಟರು ಅಭಿನಂದನೆ ಹೇಳುವ ಮೊದಲು ಜಾತಕ ಕೇಳುತ್ತಾರೆ. ಇದು ಅತಿಶಯೋಕ್ತಿಯಲ್ಲ, ನಮ್ಮ ಮನೆಗಳಲ್ಲಿ ನಡೆಯುವ ಸಂಗತಿ.

ಇನ್ನು ‘ಗೋಲ್ಡ್ ಮೆಡಲ್’. ಈ ಹುಡುಗಿಗೆ ಬಂದದ್ದು ಕಾಲೇಜಿನ ಎರಡನೇ ರ‍್ಯಾಂಕ್. ರ‍್ಯಾಂಕ್ ಎಂದರೆ ಒಟ್ಟು ಅಂಕಗಳ ಸ್ಥಾನ. ಚಿನ್ನದ ಪದಕ ಬೇರೆ. ಅದು ಹೆಚ್ಚಾಗಿ ಯಾರೋ ದಾನಿಗಳು ತಮ್ಮವರ ನೆನಪಿಗೆ ಇಟ್ಟ ದತ್ತಿಯಿಂದ ಬರುವಂಥದ್ದು, ಅದಕ್ಕೆ ತನ್ನದೇ ಷರತ್ತು ಇರುತ್ತದೆ, ಒಂದು ವಿಷಯದಲ್ಲಿ ಅತಿ ಹೆಚ್ಚು ಅಂಕ ಎಂದೋ, ಇಂಥ ಜಿಲ್ಲೆಯ ವಿದ್ಯಾರ್ಥಿ ಎಂದೋ. ಹಾಗಾಗಿಯೇ ಒಬ್ಬಳೇ ಹುಡುಗಿಗೆ ಏಳೆಂಟು ಪದಕ ಸಿಗಬಹುದು, ಎರಡನೇ ರ‍್ಯಾಂಕಿನವಳಿಗೆ ಒಂದೂ ಸಿಗದಿರಬಹುದು. (ಹಳೆಯ ದತ್ತಿಯ ಬಡ್ಡಿಗೆ ಇವತ್ತಿನ ಚಿನ್ನ ಎಟುಕದ ಕಾರಣ ಹಲವೆಡೆ ಪದಕಕ್ಕೆ ಚಿನ್ನದ ಲೇಪ ಮಾತ್ರ ಇರುತ್ತದೆ ಎನ್ನುವುದು ಬೇರೆ ವಿಷಯ.) ಅಪ್ಪ ಅಭಿಮಾನದಲ್ಲಿ ಒಂದು ಮೆಟ್ಟಿಲು ಏರಿಸಿ ಬರೆದರೆ ಮುಜುಗರ ಪಡುವವಳು ಮಗಳು. ನಿಜವಾದ ಪದಕ ಪಡೆದವಳು ಅವಳ ತರಗತಿಯಲ್ಲೇ ಇರುತ್ತಾಳೆ, ಆಕೆಯೂ ಇದನ್ನು ಓದುತ್ತಾಳೆ. ಪದವಿಯ ಹೆಸರು, ವಿಷಯ, ಸ್ಥಾನ ಇಷ್ಟನ್ನು ಮಗಳನ್ನೇ ಕೇಳಿ ಬರೆದುಕೊಳ್ಳುವುದು ಒಳ್ಳೆಯದು.

‘ಆನಂದಬಾಷ್ಪ’ ಎಂದು ಬರೆದರೆ ಯಾರ ಕಣ್ಣೂ ಒದ್ದೆಯಾಗುವುದಿಲ್ಲ. ಅಪ್ಪ ಅಳುವುದನ್ನು ನಾವು ಅಪರೂಪಕ್ಕೆ ನೋಡುತ್ತೇವೆ. ಅತ್ತರೂ ಅವನು ‘ಕಣ್ಣಿಗೆ ಧೂಳು ಬಿತ್ತು’ ಎನ್ನುವ ಜಾತಿಯವನು. ಅಂಥವನು ತನ್ನ ಕಣ್ಣೀರನ್ನು ಶಬ್ದಕೋಶದ ಪದದಲ್ಲಿ ಘೋಷಿಸಿದರೆ ಓದುವವರಿಗೆ ಅಪ್ಪನ ದನಿ ಕೇಳುವುದಿಲ್ಲ, ಸನ್ಮಾನಪತ್ರದ ದನಿ ಕೇಳುತ್ತದೆ. ಭಾವ ಬರಬೇಕಾದರೆ ಅವನು ಆ ದಿನ ಏನು ಮಾಡಿದ, ಏನನ್ನು ನೋಡಿದ ಎಂದು ಹೇಳಿದರೆ ಸಾಕು.

ಟೈಲರ್ ಅಪ್ಪ ಆ ದಿನ ಒಂದು ಕೆಲಸ ಮಾಡಿದ್ದ. ಕರಡಿನಲ್ಲಿ ಅದು ಇರಲೇ ಇಲ್ಲ, ಹೇಳುವಂಥದ್ದು ಎಂದು ಅವನಿಗೆ ಅನಿಸಿರಲಿಲ್ಲ. ಬಾಡಿಗೆ ಗೌನಿನಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಎಂದು ಮೂರು ಅಳತೆ. ಕೌಂಟರಿಗೆ ಕೊನೆಗೆ ಹೋದವರಿಗೆ ಉಳಿದದ್ದೇ ಗತಿ. ಅವಳಿಗೆ ಸಿಕ್ಕಿದ್ದು ಉದ್ದ. ಬೇರೆ ಯಾವ ಅಪ್ಪನಾದರೂ ಎತ್ತಿ ಹಿಡಿದು ನಡಿ ಎನ್ನುತ್ತಿದ್ದ. ಇವನು ಅಂಚು ಮಡಿಚಿ ಹೊಲಿದ. ಆ ಸಂಗತಿಯನ್ನು ನಡುವೆ ಇಟ್ಟು ಬರೆದರೆ ಬರಹ ಹೀಗಾಗುತ್ತದೆ:

“ಮಗಳು ಇವತ್ತು ಎಂ.ಎಸ್ಸಿ. ಗೌನು ಹಾಕಿದಳು. ವಿಷಯ ರಸಾಯನಶಾಸ್ತ್ರ, ಕಾಲೇಜಿಗೆ ಎರಡನೇ ರ‍್ಯಾಂಕ್. ಕೊಟ್ಟ ಗೌನು ನಾಲ್ಕು ಬೆರಳು ಉದ್ದ, ನಡೆದರೆ ಕಾಲಿಗೆ ಸಿಗುತ್ತಿತ್ತು. ನನ್ನ ಕಾಲರಿನ ಒಳಗೆ ಯಾವಾಗಲೂ ಒಂದು ಸೂಜಿ ಇರುತ್ತದೆ. ಕರಿ ನೂಲು ಇರಲಿಲ್ಲ, ನೀಲಿ ಇತ್ತು. ಗೋಡೆ ಪಕ್ಕ ನಿಲ್ಲಿಸಿ ಅಂಚು ಮಡಿಚಿ ಕಚ್ಚಾ ಹೊಲಿಗೆ ಹಾಕಿದೆ. ‘ಅಪ್ಪಾ, ಬೇಗ’ ಅಂತಿದ್ದಳು. ಯೂನಿಫಾರಂ ಅಳತೆ ತಗೊಳ್ಳುವಾಗಲೂ ಹೀಗೇ ಅವಸರ ಮಾಡುತ್ತಿದ್ದಳು. ಹೆಸರು ಕರೆದಾಗ ಎಡವದೆ ಹೋಗಿ ಬಂದಳು. ನಾನು ಅಂಚನ್ನೇ ನೋಡುತ್ತಿದ್ದೆ, ಮುಖ ನೋಡಲು ಆಗಲಿಲ್ಲ. ಅವಳ ಅಮ್ಮ ನೋಡಿದ್ದಾಳೆ. ಸಂಜೆ ಹೊಲಿಗೆ ಬಿಚ್ಚಿ ಗೌನು ವಾಪಸು ಕೊಟ್ಟೆವು. ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವಳು ಇವಳೇ ಮೊದಲು. ಪಿಯುಸಿಯಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟ ಮೇಡಂಗೆ ನಮಸ್ಕಾರ.”

ಎರಡನೆಯದರಲ್ಲಿ ಹೆಮ್ಮೆ, ಕನಸು, ಕೀರ್ತಿ, ಕಣ್ಣೀರು ಎಂಬ ಒಂದು ಪದವೂ ಇಲ್ಲ. ಆದರೂ ‘ಮುಖ ನೋಡಲು ಆಗಲಿಲ್ಲ’ ಎನ್ನುವಲ್ಲಿ ಓದುವವರು ತಡೆಯುತ್ತಾರೆ. ಜೀವಮಾನವೆಲ್ಲ ಬಟ್ಟೆಯ ಅಂಚು ನೋಡಿದವನು ಮಗಳ ದೊಡ್ಡ ಗಳಿಗೆಯಲ್ಲೂ ಅದನ್ನೇ ನೋಡಿದ. ತನ್ನ ಹೊಲಿಗೆ ಬಿಚ್ಚಿ ಅವಳು ಎಲ್ಲಿ ಎಡವುತ್ತಾಳೋ ಎಂಬ ಆತಂಕ ಅವನಿಗೆ. ಇದನ್ನು ಅವನು ವಿವರಿಸಿಲ್ಲ, ವಿವರಿಸಲೂಬಾರದು. ನೀಲಿ ನೂಲಿನ ವಿಷಯವೂ ಹಾಗೇ: ಕರಿ ಗೌನಿಗೆ ನೀಲಿ ನೂಲು ಹಾಕುವುದು ಟೈಲರಿಗೆ ಸಣ್ಣ ಅವಮಾನ, ಅದನ್ನು ಮುಚ್ಚಿಡದೆ ಹೇಳಿರುವುದರಿಂದಲೇ ಉಳಿದದ್ದೂ ನಂಬಿಕೆ ಹುಟ್ಟಿಸುತ್ತದೆ. ‘ಮನೆಯಲ್ಲಿ ಮೊದಲು’ ಎನ್ನುವ ವಾಕ್ಯ ಕೊನೆಗೆ ಹೋಗಿದೆ. ಆರಂಭದಲ್ಲೇ ಇದ್ದಿದ್ದರೆ ಭಾಷಣದ ಪೀಠಿಕೆಯಾಗುತ್ತಿತ್ತು. ಗೌನಿನ ಕಥೆ ಆದ ಮೇಲೆ ಬಂದಿರುವುದರಿಂದ ಮಾಹಿತಿಯಾಗಿ, ಸದ್ದಿಲ್ಲದೆ ಕೂತಿದೆ. ಅಮ್ಮನಿಗೂ ಮೇಡಂಗೂ ಒಂದೊಂದು ವಾಕ್ಯದ ಜಾಗ ಸಿಕ್ಕಿದೆ. ಮೊದಲ ಕರಡಿನಲ್ಲಿ ಅಮ್ಮ ಬಂದದ್ದು ಬಳೆಯ ಒಡತಿಯಾಗಿ ಮಾತ್ರ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಸೂಜಿ ನೂಲಿನಂಥ ಘಟನೆ ಎಲ್ಲರಿಗೂ ನಡೆಯುವುದಿಲ್ಲ, ನಡೆಯದಿದ್ದರೆ ಕಟ್ಟಬಾರದು. ಮಗಳು ಅಲ್ಲೇ ಇದ್ದವಳು, ಸುಳ್ಳು ಅವಳಿಗೆ ಮೊದಲು ಗೊತ್ತಾಗುತ್ತದೆ. ಬ್ಯಾಂಕಿನ ಗುಮಾಸ್ತ ಅಪ್ಪ ಸಮಾರಂಭದಲ್ಲಿ ಸುಮ್ಮನೆ ಕೂತು ಎದ್ದು ಬಂದಿರಬಹುದು. ಆಗ ಹಿಂದಿನ ವರ್ಷಗಳಿಂದ ಒಂದನ್ನು ತೆಗೆದುಕೊಳ್ಳಬಹುದು: ಹಾಸ್ಟೆಲಿಗೆ ಬಿಟ್ಟು ಬಂದ ದಿನದ ಬಸ್ ನಿಲ್ದಾಣ, ಒಂದು ಸೆಮಿಸ್ಟರಿನಲ್ಲಿ ಫೇಲಾದಾಗ ಅವಳು ಮಾಡಿದ ಫೋನು, ರಾತ್ರಿ ಓದುವಾಗ ಕಾಸಿಟ್ಟ ಹಾಲು ಆರಿ ಕೆನೆಗಟ್ಟುತ್ತಿದ್ದದ್ದು. ಬೇಕಾದದ್ದು ಒಂದೇ. ಮೂರು ತಂದರೆ ಜೀವನಚರಿತ್ರೆಯಾಗುತ್ತದೆ. ಫೇಲಾದ ಸಂಗತಿಯಂಥದ್ದನ್ನು ಬರೆಯುವ ಮೊದಲು ಮಗಳ ಒಪ್ಪಿಗೆ ಬೇಕೇ ಬೇಕು, ಅಪ್ಪನಿಗೆ ಅದು ಎಷ್ಟೇ ಹೆಮ್ಮೆಯ ನೆನಪಾಗಿದ್ದರೂ.

ಭಾಷೆಯ ವಿಷಯದಲ್ಲಿ ಮನೆಯ ಮಾತೇ ಸಾಕು. ಉತ್ತರ ಕರ್ನಾಟಕದ ಅಪ್ಪ ಮಗಳನ್ನು ‘ಯವ್ವಾ’ ಎನ್ನುತ್ತಾನೆ, ಮೈಸೂರು ಕಡೆಯವನು ಹೆಣ್ಣಾದರೂ ‘ಮಗಾ’ ಎನ್ನುತ್ತಾನೆ. ಅದೇ ಮನುಷ್ಯ ಬರೆಯಲು ಕೂತಾಗ ‘ನನ್ನ ಸುಪುತ್ರಿ’ ಎಂದು ಶುರುಮಾಡುತ್ತಾನೆ. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿದರೆ ಇದು ತಾನೇ ಗೊತ್ತಾಗುತ್ತದೆ. ಬಾಯಲ್ಲಿ ಹೇಳಲು ನಾಚಿಕೆಯಾಗುವ ಪದವನ್ನು ತೆಗೆಯಬೇಕು. ಬರೆಯಲು ಬಾರದ ಅಪ್ಪನ ಮಾತನ್ನು ಮಗನೋ ಅಣ್ಣನ ಮಗನೋ ಬರೆದುಕೊಡುವುದಾದರೆ ಅವನು ಹೇಳಿದ ಹಾಗೆಯೇ ಬರೆದುಕೊಳ್ಳಬೇಕು. ತಿದ್ದಿ ಗ್ರಾಂಥಿಕ ಮಾಡಿದರೆ ಅಪ್ಪನನ್ನೇ ತೆಗೆದುಹಾಕಿದಂತೆ.

ಉದ್ದದ ಬಗ್ಗೆ ಕಟ್ಟುನಿಟ್ಟಿನ ನಿಯಮವಿಲ್ಲ. ಮೇಲಿನ ಎರಡನೆಯ ಬರಹ ಎಂಬತ್ತು ಪದದ ಆಸುಪಾಸಿನಲ್ಲಿದೆ, ಅರ್ಧ ನಿಮಿಷದಲ್ಲಿ ಓದಿ ಮುಗಿಯುತ್ತದೆ. ಇದಕ್ಕಿಂತ ತುಂಬಾ ಬೆಳೆದರೆ ಓದುವವರು ಫೋಟೊ ನೋಡಿ ‘ಅಭಿನಂದನೆ’ ಎಂದು ಮುಂದೆ ಹೋಗುತ್ತಾರೆ. ಉದ್ದ ಹೇಳಬೇಕಾದದ್ದು ಇದ್ದರೆ ಅದನ್ನು ಮಗಳಿಗೊಬ್ಬಳಿಗೇ ಕಾಗದವಾಗಿ ಬರೆಯಬಹುದು. ಸಾಲ, ಬಳೆ, ಭಯ, ಮದುವೆಯ ಯೋಚನೆ ಎಲ್ಲಕ್ಕೂ ಅಲ್ಲಿ ಜಾಗವಿದೆ.

ಕಳಿಸುವ ಮೊದಲು ಮಗಳಿಗೆ ತೋರಿಸುವುದು ವಾಡಿಕೆಯಾಗಬೇಕು. ಅವಳು ಫೋಟೊ ಬೇರೆ ಹಾಕು ಎನ್ನಬಹುದು, ರ‍್ಯಾಂಕಿನ ಮಾತು ಬೇಡ ಎನ್ನಬಹುದು, ಮೇಡಂ ಹೆಸರಿನ ಕಾಗುಣಿತ ತಿದ್ದಬಹುದು. ಫೋಟೊ ಆರಿಸುವಾಗ ಪ್ರಮಾಣಪತ್ರ ತೆರೆದು ಹಿಡಿದದ್ದನ್ನು ಬಿಡಬೇಕು. ಪದವಿ ಪ್ರಮಾಣಪತ್ರದಲ್ಲಿ, ಅಂಕಪಟ್ಟಿಯಲ್ಲಿ ನೋಂದಣಿ ಸಂಖ್ಯೆ, ಕ್ರಮಸಂಖ್ಯೆ, ಎಷ್ಟೋ ಕಡೆ ಕ್ಯೂಆರ್ ಕೋಡ್ ಕೂಡ ಇರುತ್ತದೆ. ನಕಲಿ ಪ್ರಮಾಣಪತ್ರ ಮಾಡುವವರಿಗೆ ಮಾದರಿ ಬೇಕಾಗುವುದು ಅದೇ. ಪತ್ರ ತೋರಿಸಲೇಬೇಕೆಂದಿದ್ದರೆ ಸಂಖ್ಯೆಗಳು ಕಾಣದಂತೆ ಮಡಿಚಿ ಹಿಡಿಯಬೇಕು, ಇಲ್ಲವೇ ಫೋಲ್ಡರ್ ಮುಚ್ಚಿಯೇ ಫೋಟೊ ತೆಗೆಯಬೇಕು. ಮಗಳು ಈಗಿರುವ ಊರು, ಕೆಲಸದ ಸಂಸ್ಥೆ, ಪಿ.ಜಿ.ಯ ವಿಳಾಸ ಬರಹದಲ್ಲಿ ಬೇಡ. ಮೇಡಂ ಹೆಸರು ಹಾಕುವುದಾದರೆ ಅವರನ್ನೂ ಒಂದು ಮಾತು ಕೇಳಿ, ಸಾಧ್ಯವಾದರೆ ಬರಹ ಊರಿಗೆಲ್ಲ ಹೋಗುವ ಮೊದಲು ಅವರಿಗೆ ಫೋನು ಮಾಡಿ ಸುದ್ದಿ ಹೇಳಬೇಕು.